ತಾಲ್ಲೂಕು ಬದಲಾದರೂ ಬದಲಾಗದ ವೆಬ್ ವಿಳಾಸ

ಪ್ರಶ್ನೆ: ನಮ್ಮದು ಪಂಪ್, ಸೋಲಾರ್, ಯುಪಿಎಸ್, ನೀರು ಶುದ್ಧೀಕರಣ, ವೈರಿಂಗ್ ಕೆಲಸಗಳನ್ನು ಮಾಡುವ ಕಂಪನಿ. ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಶಾಖೆಗಳಿವೆ. ಒಟ್ಟು ಸುಮಾರು 140 ಬಗೆಯ ಸೇವೆ ಕೊಡುತ್ತೇವೆ. ಹೊಸ ವೆಬ್‌ಸೈಟ್ ಮಾಡಿಕೊಡುವವರು ಪ್ರತಿ ಸೇವೆಗೂ ಮೂರು ತಾಲ್ಲೂಕುಗಳಿಗೆ ಬೇರೆ ಬೇರೆ ಪುಟ, ಅಂದರೆ 420 ಪುಟ ಮಾಡೋಣ ಎನ್ನುತ್ತಾರೆ. ವಿಳಾಸಗಳನ್ನು ಜಿಲ್ಲೆ, ತಾಲ್ಲೂಕು, ವಿಭಾಗ, ಸೇವೆ ಎಂಬ ಕ್ರಮದಲ್ಲಿ ಜೋಡಿಸುತ್ತಾರಂತೆ. ಇದು ಸರಿಯೇ?
– ಓದುಗರೊಬ್ಬರು, ಕೊಳ್ಳೇಗಾಲ

ಉತ್ತರ: ಎರಡೂ ಸರಿಯಲ್ಲ. ಮೊದಲು ವಿಳಾಸದ ವಿಷಯ ನೋಡೋಣ, ಏಕೆಂದರೆ ಪುಟವನ್ನು ನಾಳೆಯೂ ತಿದ್ದಬಹುದು, ಜನರ ಕೈಗೆ ಹೋದ ವಿಳಾಸವನ್ನು ತಿದ್ದುವುದು ಕಷ್ಟ.

ಅವರು ಹೇಳಿದ ಕ್ರಮದಲ್ಲಿ ನಿಮ್ಮ ಊರಿನ ಇತಿಹಾಸವನ್ನೇ ಇಟ್ಟು ನೋಡಿ. 1956ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಮೈಸೂರು ಜಿಲ್ಲೆಗೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಅದಕ್ಕೆ ಸೇರಿತು. ಹನೂರು ಬಹಳ ಕಾಲ ಕೊಳ್ಳೇಗಾಲ ತಾಲ್ಲೂಕಿನ ಭಾಗವಾಗಿತ್ತು. 2017ರ ಬಜೆಟ್‌ನಲ್ಲಿ ಘೋಷಿಸಿದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಅದರ ಹೆಸರೂ ಬಂದು, ಬೇರೆ ತಾಲ್ಲೂಕಾಯಿತು. ಮಲೆ ಮಹದೇಶ್ವರ ಬೆಟ್ಟ ಇದ್ದಲ್ಲೇ ಇದೆ, ಆದರೆ ಅದು ಈಗ ಹನೂರು ತಾಲ್ಲೂಕಿಗೆ ಸೇರಿದೆ. ಇನ್ನು ಹೆಸರುಗಳು: 2014ರ ನವೆಂಬರ್‌ನಲ್ಲಿ ಇಂಗ್ಲಿಷಿನ Mysore ಅಧಿಕೃತವಾಗಿ Mysuru ಆಯಿತು. ಇಷ್ಟರಲ್ಲಿ ಯಾವುದೂ ಯಾವ ಕಂಪನಿಯ ಕೈಯಲ್ಲೂ ಇರಲಿಲ್ಲ. ಹಳೆಯ ಸೈಟ್ ಒಂದರಲ್ಲಿ ಹೀಗೊಂದು ವಿಳಾಸವಿತ್ತು ಎಂದುಕೊಳ್ಳಿ:

```
/mysore/kollegal/hanur/solar/solar-fence
```

ಇದರಲ್ಲಿರುವ ಐದು ಭಾಗಗಳಲ್ಲಿ ಮೊದಲನೆಯದು ಎರಡು ರೀತಿಯಲ್ಲಿ ತಪ್ಪಾಗಿದೆ, ಎರಡನೆಯದು ಒಂದು ರೀತಿಯಲ್ಲಿ. ಸೋಲಾರ್ ಬೇಲಿಯ ಕೆಲಸ ಮಾತ್ರ ಹಾಗೆಯೇ ಇದೆ. ನಿಮ್ಮ ಹೊಲದ ಸರ್ವೆ ನಂಬರ್ ಹೇಗೋ ಹಾಗೆ ವಿಳಾಸವೂ ಇರಬೇಕು: ಪಹಣಿಯ ಮೇಲ್ಭಾಗದಲ್ಲಿ ತಾಲ್ಲೂಕಿನ ಹೆಸರು ಬದಲಾದರೂ ನಂಬರ್ ಅದೇ.

ನಾಲ್ಕನೆಯ ಭಾಗ, ಅಂದರೆ ವಿಭಾಗದ ಹೆಸರು, ಅಷ್ಟೇ ಅಪಾಯದ್ದು. ಅದನ್ನು ಬದಲಾಯಿಸುವವರು ಸರ್ಕಾರದವರಲ್ಲ, ನೀವೇ. ಮೋಟಾರ್ ರಿವೈಂಡಿಂಗ್ ಇವತ್ತು ‘ಕೃಷಿ ಪಂಪ್’ ವಿಭಾಗದಲ್ಲಿರುತ್ತದೆ. ನಾಳೆ ಹಿಟ್ಟಿನ ಗಿರಣಿಯವರು, ರೇಷ್ಮೆ ಘಟಕದವರು ಮೋಟಾರ್ ತರಲು ಶುರು ಮಾಡಿದರೆ ‘ಎಲೆಕ್ಟ್ರಿಕಲ್’ ವಿಭಾಗಕ್ಕೆ ಹೋಗುತ್ತದೆ. ಸ್ಟಾರ್ಟರ್ ಪ್ಯಾನಲ್ ದುರಸ್ತಿ ಮೊದಲ ದಿನದಿಂದಲೇ ಎರಡು ಕಡೆಗೂ ಸೇರಿದ್ದು. ವಿಭಾಗವನ್ನು ವಿಳಾಸದೊಳಗೆ ಕಟ್ಟಿಹಾಕಿದರೆ, ಒಂದೇ ಪುಟ ಎರಡು ವಿಳಾಸದಲ್ಲಿ ಕಾಣಿಸಿಕೊಳ್ಳುತ್ತದೆ, ಅಥವಾ ಪ್ರತಿ ಮರುಜೋಡಣೆಗೂ ಹತ್ತಾರು ಕೊಂಡಿಗಳು ಮುರಿಯುತ್ತವೆ. ಆದ್ದರಿಂದ ನನ್ನ ಸಲಹೆ ಇದು:

```
/kn/services/motor-rewinding/
/kn/services/solar-fence/
/kn/services/solar-fence/hanur/
/kn/places/hanur/
```

ಸೇವೆಗಳೆಲ್ಲ ಒಂದೇ ಮಟ್ಟದಲ್ಲಿ, ಊರುಗಳೆಲ್ಲ ಒಂದೇ ಮಟ್ಟದಲ್ಲಿ. ಹನೂರು ಕೊಳ್ಳೇಗಾಲದ ಕೆಳಗಿಲ್ಲ, ಪಕ್ಕದಲ್ಲಿದೆ. ಹಾಗಾದರೆ ವಿಭಾಗಗಳು ಎಲ್ಲಿ ಹೋದವು ಎಂದು ಕೇಳುತ್ತೀರಿ. ಅವು ಮೆನುವಿನಲ್ಲಿ, ವಿಭಾಗದ ಪುಟಗಳಲ್ಲಿ, ಪ್ರತಿ ಪುಟದ ಮೇಲ್ಭಾಗದ ‘ಮುಖಪುಟ › ಕೃಷಿ ಪಂಪ್ › ಮೋಟಾರ್ ರಿವೈಂಡಿಂಗ್’ ಎಂಬ ಸಾಲಿನಲ್ಲಿ ಇರುತ್ತವೆ. ಇದನ್ನು ಬ್ರೆಡ್‌ಕ್ರಂಬ್ ಎನ್ನುತ್ತಾರೆ. ಪುಟದ ಕೋಡ್‌ನಲ್ಲಿ `BreadcrumbList` ಎಂದು ಗುರುತಿಸಿದರೆ ಗೂಗಲ್ ಕೂಡ ಈ ಸಾಲನ್ನು ಓದಿಕೊಳ್ಳುತ್ತದೆ. ವಿಭಾಗ ಬದಲಾದರೆ ಮೆನು ಮತ್ತು ಈ ಸಾಲು ತಿದ್ದಿದರೆ ಸಾಕು, ವಿಳಾಸ ಮುಟ್ಟಬೇಕಿಲ್ಲ.

ಇದಕ್ಕೊಂದು ಬೆಲೆಯೂ ಇದೆ. ‘ಕೃಷಿ ಪಂಪ್ ವಿಭಾಗಕ್ಕೆ ಈ ತಿಂಗಳು ಎಷ್ಟು ಜನ ಬಂದರು?’ ಎಂಬುದನ್ನು ವಿಳಾಸದ ಆರಂಭ ನೋಡಿ ಲೆಕ್ಕ ಹಾಕಲು ಬರುವುದಿಲ್ಲ. ಯಾವ ಸೇವೆ ಯಾವ ವಿಭಾಗಕ್ಕೆ ಎಂಬ ಪಟ್ಟಿಯನ್ನು ವರದಿಯ ತಂತ್ರಾಂಶಕ್ಕೆ ಬೇರೆಯಾಗಿ ಕೊಡಬೇಕು. ಒಂದೊಂದು ವಿಭಾಗವೂ ಬೇರೆ ತಂಡ, ಬೇರೆ ತಂತ್ರಾಂಶದಲ್ಲಿ ನಡೆಯುವಷ್ಟು ದೊಡ್ಡ ಕಂಪನಿಯಾದರೆ ವಿಭಾಗದ ಹೆಸರು ವಿಳಾಸದಲ್ಲಿರುವುದನ್ನು ನಾನು ಒಪ್ಪುತ್ತೇನೆ. ನಿಮ್ಮದು ಹಾಗಲ್ಲ.

ಈಗ 420 ಪುಟಗಳ ಮಾತು. ಮೋಟಾರ್ ರಿವೈಂಡಿಂಗ್ ಕೊಳ್ಳೇಗಾಲದಲ್ಲಿ ಹೇಗೋ ಯಳಂದೂರಿನಲ್ಲೂ ಹಾಗೆಯೇ. ಊರಿನ ಹೆಸರೊಂದನ್ನು ಬದಲಿಸಿ ಅದೇ ಬರಹವನ್ನು ಮೂರು ಸಲ ಹಾಕಿದರೆ ಓದುವವರಿಗೆ ಹೊಸದೇನೂ ಸಿಗುವುದಿಲ್ಲ. ಊರೂರಿಗೆ ಬಾಗಿಲು ತೆರೆದಂತೆ ತೋರಿಸಿ ಎಲ್ಲರನ್ನೂ ಒಂದೇ ಕಡೆ ಕಳಿಸುವ ಇಂಥ ಪುಟಗಳನ್ನು ಗೂಗಲ್ ತನ್ನ ಸ್ಪ್ಯಾಮ್ ನೀತಿಯಲ್ಲಿ ಹೆಸರಿಸಿಯೇ ತಡೆದಿದೆ. ಶಿಕ್ಷೆಯ ಮಾತು ಹಾಗಿರಲಿ, ಸಾಮಾನ್ಯವಾಗಿ ಆಗುವುದೇನೆಂದರೆ ಆ ಪುಟಗಳು ಹುಡುಕಾಟದಲ್ಲಿ ಬರುವುದೇ ಇಲ್ಲ. ಇದನ್ನು ಕಂಡುಕೊಳ್ಳುವುದು ಸುಲಭ. ಸರ್ಚ್ ಕನ್ಸೋಲ್‌ನ ಪುಟಗಳ ವರದಿಯಲ್ಲಿ ‘Crawled - currently not indexed’ ಮತ್ತು ‘Duplicate without user-selected canonical’ ಎಂಬ ಸಾಲುಗಳನ್ನು ತೆರೆಯಿರಿ. ಅಲ್ಲಿ ಊರಿನ ಹೆಸರಷ್ಟೇ ಬೇರೆಯಾಗಿರುವ ವಿಳಾಸಗಳು ಗುಂಪಾಗಿ ಕಂಡರೆ ರೋಗ ಇದೇ.

ಊರಿಗೊಂದು ಪುಟ ಬೇಕೇ ಎಂದು ತೀರ್ಮಾನಿಸಲು ಒಂದೇ ಪ್ರಶ್ನೆ ಸಾಕು: ಆ ಊರಿನಲ್ಲಿ ಕೆಲಸವೇ ಬೇರೆಯೇ? ಸೋಲಾರ್ ಬೇಲಿಗೆ ಉತ್ತರ ‘ಹೌದು’. ಹನೂರಿನ ಹೊಲಗಳು ಮಲೆ ಮಹದೇಶ್ವರ ಮತ್ತು ಕಾವೇರಿ ವನ್ಯಧಾಮಗಳ ಅಂಚಿನಲ್ಲಿವೆ, ಯಳಂದೂರಿನ ಒಂದು ಭಾಗ ಬಿಳಿಗಿರಿರಂಗನಬೆಟ್ಟದ ಹುಲಿ ಸಂರಕ್ಷಿತ ಪ್ರದೇಶಕ್ಕೆ ತಾಗಿದೆ. ಆನೆ ಬರುವ ಕಡೆ ಹಾಕುವ ಬೇಲಿಯ ಎತ್ತರ, ತಂತಿಯ ಸಾಲು, ಕಂಬದ ಅಂತರ ಬೇರೆ. ಹಂದಿಗಷ್ಟೇ ಹಾಕುವುದು ಬೇರೆ. ಅಲ್ಲಿ ನಿಮ್ಮ ಸಿಬ್ಬಂದಿ ಹಾಕಿದ ಬೇಲಿಯ ಫೋಟೊ, ಬ್ಯಾಟರಿ ಎಷ್ಟು ದಿನಕ್ಕೆ ನೋಡಬೇಕು, ಅದರ ದರ, ಇವೆಲ್ಲ ಬರೆಯಲು ನಿಜವಾದ ವಿಷಯವಿದೆ. ಕೊಳವೆಬಾವಿ ಪಂಪಿಗೂ ಹಾಗೆಯೇ: ಮಳೆ ನಂಬಿದ ಹನೂರಿನ ಬೆದ್ದಲಿಗೆ ಹೇಳಬೇಕಾದದ್ದು ಯಳಂದೂರಿನ ಗದ್ದೆ ಬಯಲಿಗೆ ಹೇಳಬೇಕಾದದ್ದಲ್ಲ. ಯುಪಿಎಸ್ ಬ್ಯಾಟರಿ ಬದಲಾವಣೆಗೆ ಊರಿನ ಪುಟ ಬೇಡ.

ಹೀಗೆ ಸೋಸಿದರೆ 140 ಸೇವೆಯ ಪುಟ, ಎಂಟು ವಿಭಾಗದ ಪುಟ, ಮೂರು ಊರಿನ ಪುಟ, ನಿಜಕ್ಕೂ ಬೇರೆಯಾದ ಸುಮಾರು 20 ಊರು-ಸೇವೆ ಪುಟ ಉಳಿಯುತ್ತವೆ ಎಂದುಕೊಳ್ಳೋಣ. ಒಟ್ಟು 171. ಕನ್ನಡ, ಇಂಗ್ಲಿಷ್ ಎರಡರಲ್ಲೂ ಮಾಡಿದರೆ 342. ಹಳ್ಳಿ ಹಳ್ಳಿಗೆ ಪುಟ ಬೇಡ. ಯಾವ ಹಳ್ಳಿಗೆ ಯಾವ ವಾರ ಗಾಡಿ ಬರುತ್ತದೆ ಎಂಬುದನ್ನು ಊರಿನ ಪುಟದಲ್ಲೇ ಪಟ್ಟಿಯಾಗಿ ಕೊಡಿ. ಆ ಪಟ್ಟಿ ಜನಕ್ಕೆ ಬೇಕಾದದ್ದು, ಅದನ್ನು ಯಾರೂ ಬರೆಯುವುದಿಲ್ಲ.

ಸೇವೆಗಳ ಹೆಸರನ್ನು ಸಭೆಯಲ್ಲಿ ಕೂತು ಇಡಬೇಡಿ. ಫೋನ್ ಎತ್ತುವವರ ರಿಜಿಸ್ಟರು ಮತ್ತು ಜಾಬ್ ಕಾರ್ಡ್‌ಗಳನ್ನು ತೆಗೆದು, ಗಿರಾಕಿ ಹೇಳಿದ ಮಾತನ್ನೇ ಒಂದು ಹಾಳೆಯಲ್ಲಿ ಬರೆಸಿ. ‘ಸಬ್‌ಮರ್ಸಿಬಲ್ ರಿಟ್ರೀವಲ್ ಸರ್ವಿಸ್’ ಎಂದು ಯಾರೂ ಕೇಳುವುದಿಲ್ಲ, ‘ಬೋರಿಂದ ಮೋಟಾರ್ ಎತ್ತಿಕೊಡಿ’ ಎನ್ನುತ್ತಾರೆ. ಪುಟದ ಶೀರ್ಷಿಕೆ ಆ ಮಾತಿನಿಂದಲೇ ಬರಲಿ.

ವಿಳಾಸದಲ್ಲಿ ಮಾತ್ರ ಕನ್ನಡ ಅಕ್ಷರ ಬೇಡ ಎನ್ನುತ್ತೇನೆ. ಕನ್ನಡದ ವಿಳಾಸವನ್ನು ಗೂಗಲ್ ಚೆನ್ನಾಗಿಯೇ ಓದುತ್ತದೆ. ತೊಂದರೆ ಬೇರೆ ಕಡೆ ಇದೆ. ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟ್ ಬೇಕು, ಒಂದೊಂದು ಬೈಟ್ ವಿಳಾಸದಲ್ಲಿ ಮೂರು ಅಕ್ಷರವಾಗುತ್ತದೆ. ಬ್ರೌಸರಿನಿಂದ ನಕಲು ಮಾಡಿ ವಾಟ್ಸಾಪ್‌ಗೆ ಹಾಕಿದಾಗ ‘ಹನೂರು’ ಎಂಬ ಚಿಕ್ಕ ಹೆಸರು ಹೀಗಾಗಬಹುದು:

```
%E0%B2%B9%E0%B2%A8%E0%B3%82%E0%B2%B0%E0%B3%81
```

ಐದು ಚಿಹ್ನೆ, 45 ಅಕ್ಷರ. ರಸೀದಿಯಲ್ಲಿ ಅಚ್ಚು ಹಾಕಲು, ಫೋನಿನಲ್ಲಿ ಹೇಳಲು ಇದು ಆಗದು. ಪುಟದೊಳಗೆ ಎಲ್ಲವೂ ಕನ್ನಡದಲ್ಲಿರಲಿ, ವಿಳಾಸ `hanur` ಆಗಿರಲಿ. `yelandur` ಬರೆಯಬೇಕೋ `yalandur` ಬರೆಯಬೇಕೋ, `kollegal` ಸರಿಯೋ `kollegala` ಸರಿಯೋ ಎಂದು ವಾದ ಬೇಡ. ಒಂದನ್ನು ಆರಿಸಿ, ಉಳಿದದ್ದನ್ನು ಅದಕ್ಕೆ ತಿರುಗಿಸಿ. ಎಲ್ಲ ಸಣ್ಣ ಅಕ್ಷರ, ಪದಗಳ ನಡುವೆ ಅಡ್ಡಗೆರೆ ಇರಲಿ. `/Hanur/` ಮತ್ತು `/hanur/` ಎರಡು ಬೇರೆ ವಿಳಾಸಗಳೆಂದೇ ಲೆಕ್ಕ.

ಹುಡುಕುಯಂತ್ರಗಳಿಗೆ ಕೊಡುವ ಎಕ್ಸ್‌ಎಂಎಲ್ ಸೈಟ್‌ಮ್ಯಾಪ್‌ನ ಒಂದು ಕಡತದಲ್ಲಿ 50,000 ವಿಳಾಸ ಹಿಡಿಯುತ್ತದೆ. ನಿಮ್ಮ 342 ಅದರ ಮೂಲೆಗೂ ಸಾಲದು. ಆದರೂ ಸೇವೆ, ಊರು, ಊರು-ಸೇವೆ ಎಂದು ಮೂರು ಕಡತ ಮಾಡಿಸಿ. ಆಗ ಸರ್ಚ್ ಕನ್ಸೋಲ್‌ನಲ್ಲಿ ಕಡತವಾರು ನೋಡಬಹುದು: ಸೇವೆಯ ಪುಟಗಳೆಲ್ಲ ಸೇರಿವೆ, ಊರು-ಸೇವೆ ಪುಟಗಳಲ್ಲಿ ಅರ್ಧವೂ ಸೇರಿಲ್ಲ ಎಂದು ಕಂಡರೆ ಯಾವ ಬರಹ ಸಪ್ಪೆಯಾಗಿದೆ ಎಂದು ತಕ್ಷಣ ತಿಳಿಯುತ್ತದೆ. `lastmod` ಎಂಬಲ್ಲಿ ಪುಟ ನಿಜವಾಗಿ ಬದಲಾದ ದಿನಾಂಕವೇ ಇರಬೇಕು. ಪ್ರತಿ ರಾತ್ರಿ ಎಲ್ಲ ಪುಟಕ್ಕೂ ಅಂದಿನ ದಿನಾಂಕ ಒತ್ತುವ ತಂತ್ರಾಂಶಗಳಿವೆ. ಹಾಗಾದರೆ ಗೂಗಲ್ ಆ ದಿನಾಂಕವನ್ನು ನಂಬುವುದನ್ನೇ ಬಿಡುತ್ತದೆ. `priority` ಮತ್ತು `changefreq` ಎಂಬವನ್ನು ಗೂಗಲ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅವುಗಳಿಗಾಗಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಕೊನೆಯದಾಗಿ, ನಿಮ್ಮ ಈಗಿನ ಸೈಟ್. ಅದರ ಪ್ರತಿ ಹಳೆಯ ವಿಳಾಸಕ್ಕೂ ಎದುರಾಗಿ ಹೊಸ ವಿಳಾಸ ಬರೆದ ಪಟ್ಟಿ ಬೇಕು, ಮತ್ತು ಅದನ್ನು ಶಾಶ್ವತ ಬದಲಾವಣೆ ಎಂದು ಸೂಚಿಸುವ 301 ಮೂಲಕ ತಿರುಗಿಸಬೇಕು. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುವುದು ಸೋಮಾರಿತನ. ಸೋಲಾರ್ ಬೇಲಿ ಹುಡುಕಿ ಬಂದವರು ಅಲ್ಲಿಂದ ವಾಪಸ್ ಹೋಗುತ್ತಾರೆ, ಗೂಗಲ್ ಕೂಡ ಅದನ್ನು ಇಲ್ಲದ ಪುಟವೆಂದೇ ಎಣಿಸಬಹುದು. ಈ ತಿರುವುಗಳನ್ನು ಕನಿಷ್ಠ ಒಂದು ವರ್ಷ ಇಡಿ ಎಂದು ಗೂಗಲ್ ಹೇಳುತ್ತದೆ. ರಸೀದಿ, ಗೋಡೆ ಬರಹ, ಗಾಡಿಗಳ ಮೇಲೆ ಹಳೆಯ ವಿಳಾಸ ಅಚ್ಚಾಗಿರುವುದರಿಂದ ನೀವು ತೆಗೆಯಲೇಬೇಡಿ. ಹಳೆಯ ಸೈಟ್ ನಿಂತ ಮೇಲೆ ಅದರ ವಿಳಾಸಗಳನ್ನು ಒಟ್ಟುಗೂಡಿಸುವುದು ಬಹಳ ಕಷ್ಟ, ಹಾಗಾಗಿ ಹೊಸ ಸೈಟಿನ ಕರಾರಿಗೆ ಸಹಿ ಹಾಕುವ ಮುನ್ನ ಆ ಪಟ್ಟಿಯನ್ನು ತೆಗೆಸಿ ನಿಮ್ಮ ಬಳಿಯೇ ಇಟ್ಟುಕೊಳ್ಳಿ.