ಮೇಲಿನ ಮನೆಯವರನ್ನು ಏನೆಂದು ಕೇಳಬೇಕು?

ಪ್ರೀತಿಯ ಮಗೂ,

ಮೇಲಿನ ಮನೆಯಲ್ಲಿ ಬಚ್ಚಲಿನ ಟೈಲ್ಸ್ ಕಿತ್ತು ಹೊಸದು ಹಾಕಿಸುತ್ತಿದ್ದಾರೆ, ರಾತ್ರಿ ಹನ್ನೊಂದಾದರೂ ಸದ್ದು ನಿಲ್ಲುವುದಿಲ್ಲ, ಕೂಸು ಬೆಚ್ಚಿ ಬೆಚ್ಚಿ ಏಳುತ್ತದೆ ಎಂದು ಬರೆದಿದ್ದೀಯೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿಬಿಡಲೇ ಎಂದು ಕೇಳಿದ್ದೀಯೆ. ಬೇಡ. ಎಲ್ಲರೆದುರು ತಪ್ಪು ಎತ್ತಿ ಆಡಿದರೆ ಯಾರಾದರೂ ಮೊದಲು ತಮ್ಮ ಮರ್ಯಾದೆ ಉಳಿಸಿಕೊಳ್ಳಲು ನೋಡುತ್ತಾರೆ. ಸದ್ದು ನಿಂತರೂ ಲಿಫ್ಟಿನಲ್ಲಿ ಎದುರಾದಾಗ ಮುಖ ತಿರುಗಿಸುವುದು ವರ್ಷಗಟ್ಟಲೆ ಉಳಿಯುತ್ತದೆ.

ಅವರಿಗೆ ನಿನ್ನ ಕಷ್ಟ ನಿಜಕ್ಕೂ ಗೊತ್ತಿಲ್ಲದಿರಬಹುದು. ಮಾತು, ಟಿವಿಯ ಸದ್ದು ಗಾಳಿಯಲ್ಲಿ ಬರುತ್ತವೆ. ಬಾಗಿಲು ಕಿಟಕಿ ಮುಚ್ಚಿದರೆ ಅಷ್ಟಿಷ್ಟು ತಗ್ಗುತ್ತವೆ. ಗೋಡೆಗೆ ಹಿಡಿದ ಡ್ರಿಲ್, ನೆಲಕ್ಕೆ ಬಿದ್ದ ಸುತ್ತಿಗೆಯ ಪೆಟ್ಟು ಹಾಗಲ್ಲ. ಅವು ಕಾಂಕ್ರೀಟಿನೊಳಗೇ ನಡುಕವಾಗಿ ಹರಿಯುತ್ತವೆ. ಅವರ ನೆಲವೇ ನಿನ್ನ ಸೂರು. ಬಚ್ಚಲ ಬಾಗಿಲು ಎಳೆದುಕೊಂಡು ಹಾಲಿನಲ್ಲಿ ಕೂತವರಿಗೆ ಕೇಳುವುದಕ್ಕಿಂತ ಜೋರಾಗಿ ಅದು ನಿನ್ನ ತೊಟ್ಟಿಲ ಮೇಲೆ ಕೇಳಿಸಬಹುದು. ಹಾಗಾಗಿ ದೂರು ಒಯ್ಯಬೇಡ, ಸುದ್ದಿ ತಿಳಿಸಲು ಹೋಗು.

ಹೋಗುವ ಹೊತ್ತೂ ಮುಖ್ಯ. ಡ್ರಿಲ್ ಓಡುತ್ತಿರುವಾಗ ಬಾಗಿಲು ಬಡಿದರೆ ನಿನ್ನ ದನಿಯಲ್ಲಿ ಸಿಟ್ಟು ಇದ್ದೇ ಇರುತ್ತದೆ. ಮರುದಿನ ಸಂಜೆ ಹೋಗು. ಮೇಸ್ತ್ರಿಯ ಹತ್ತಿರ ಹೇಳಬೇಡ. ಹೊತ್ತು ಗೊತ್ತುಮಾಡುವುದು ಅವನಲ್ಲ, ಮನೆಯವರು. ಮೊದಲು ಕೆಲಸದ ಬಗ್ಗೆ ವಿಚಾರಿಸು: ಇನ್ನೆಷ್ಟು ದಿನ, ಯಾಕೆ ರಾತ್ರಿ? ಹಗಲು ಬೇರೆ ಕಡೆ ದುಡಿದು ಕತ್ತಲಾದ ಮೇಲೆ ಬರುವ ಕೆಲಸಗಾರ ಇರಬಹುದು. ಮಗಳ ಸೀಮಂತಕ್ಕೆ ಮುಹೂರ್ತ ಹತ್ತಿರ ಬಂದಿರಬಹುದು. ಕಾರಣ ತಿಳಿಯದೆ ಕೇಳಿದ ಬೇಡಿಕೆ ಅವರಿಂದ ನಡೆಸಿಕೊಡಲು ಆಗದ್ದೇ ಆಗಿಬಿಡುತ್ತದೆ.

“ರಾತ್ರಿ ಕೆಲಸ ನಿಲ್ಲಿಸಿ” ಎನ್ನಬೇಡ. ಟೈಲ್ಸ್ ಒಡೆಯುವುದು, ಕಟಿಂಗ್ ಮಷೀನು, ಡ್ರಿಲ್, ಇಷ್ಟು ಮಾತ್ರ ನಿದ್ದೆ ಕೆಡಿಸುವ ಕೆಲಸ. ಸಂದಿಗೆ ಗ್ರೌಟ್ ತುಂಬುವುದು, ಪುಟ್ಟಿ ಹಚ್ಚುವುದು, ಬಣ್ಣ ಬಳಿಯುವುದು ರಾತ್ರಿಯಿಡೀ ನಡೆದರೂ ನಿನಗೆ ಕೇಳಿಸದು. ಕೆಲಸದ ಕ್ರಮ ಹಿಂದುಮುಂದಾದರೆ ಸಾಕು. ಹೀಗೆ ಕೇಳಿ ನೋಡು:

“ಆಂಟಿ, ನಿನ್ನೆ ಹತ್ತೂವರೆಯಿಂದ ಹನ್ನೊಂದೂಕಾಲರವರೆಗೆ ಡ್ರಿಲ್ ಸದ್ದು ನಮ್ಮ ರೂಮಿಗೆ ತುಂಬ ಜೋರಾಗಿ ಬಂತು. ಪಾಪು ಎಂಟೂವರೆಗೆ ಮಲಗ್ತಾಳೆ. ಒಡೆಯೋದು, ಕೊರೆಯೋದು ಎಂಟರೊಳಗೆ ಮುಗಿಸಿ, ಸದ್ದಿಲ್ಲದ ಕೆಲಸ ಆಮೇಲೆ ಇಟ್ಟುಕೊಳ್ಳೋಕೆ ಆಗುತ್ತಾ? ಟೈಲ್ಸ್ ಕಟ್ ಮಾಡೋದನ್ನ ಹಗಲಲ್ಲೇ ಅಳತೆ ಹಿಡಿದು ಮುಗಿಸಿಟ್ಟರೂ ಆಗುತ್ತೆ. ನೀವು ಆಫೀಸಿಗೆ ಹೋದಾಗ ಕೆಲಸದವರಿಗೆ ಬೀಗದ ಕೈ ಕೊಡಬೇಕಿದ್ದರೆ ನಮ್ಮ ಹತ್ತಿರ ಬಿಟ್ಟುಹೋಗಿ.”

ಕೊನೆಯ ಮಾತು ಉಪಚಾರಕ್ಕಲ್ಲ. ಹಗಲು ಬಾಗಿಲು ತೆಗೆಯುವವರಿಲ್ಲವೆಂದೇ ಎಷ್ಟೋ ಮನೆಗಳಲ್ಲಿ ಕೆಲಸ ರಾತ್ರಿಗೆ ಜಾರುತ್ತದೆ. ಅವರು ಎಂಟು ಆಗದು, ಒಂಬತ್ತು ಎಂದರೆ ಒಪ್ಪಿಕೋ. ಹತ್ತರಾಚೆಗೆ ಮಾತ್ರ ಒಪ್ಪಬೇಡ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು. 2010ರ ತಿದ್ದುಪಡಿ ವಸತಿ ಪ್ರದೇಶದಲ್ಲಿ ಆ ಹೊತ್ತು ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ಬಳಸಬಾರದೆಂದಿದೆ. ಇದು ನಿನ್ನ ಧೈರ್ಯಕ್ಕೆ ಗೊತ್ತಿರಲಿ. ಮೊದಲ ಭೇಟಿಯಲ್ಲೇ ಬಾಯಿಗೆ ಬಂದರೆ ಅದು ಬೆದರಿಕೆಯಾಗಿ ಕೇಳುತ್ತದೆ.

ಹುಟ್ಟುಹಬ್ಬ, ಆರತಕ್ಷತೆಗಳ ಗದ್ದಲ ಬೇರೆ. ಅದು ಒಂದು ರಾತ್ರಿಯದು. ಸ್ವಲ್ಪ ಸಹಿಸಿಕೊಳ್ಳುವುದೂ ನೆರೆಹೊರೆಯ ಧರ್ಮವೇ. ತೀರಾ ತಡೆಯಲಾಗದಿದ್ದರೆ ನೆಂಟರೆದುರು ಬಾಗಿಲಿಗೆ ಹೋಗದೆ ಮನೆಯವರಿಗೆ ಫೋನ್ ಮಾಡು. ಹಾಡು ನಿಲ್ಲಿಸಿ ಎನ್ನುವ ಬದಲು, ಬಾಸ್ ತಗ್ಗಿಸಿ ಸ್ಪೀಕರನ್ನು ನೆಲದಿಂದೆತ್ತಿ ದಪ್ಪ ಮೆತ್ತೆಯ ಮೇಲಿಡಲು ಹೇಳು. ಗೋಡೆ ದಾಟಿ ಬರುವುದು ಹೆಚ್ಚಾಗಿ ಆ ಗುಡುಗುಡು ಸದ್ದೇ.

ಒಪ್ಪಿಕೊಂಡ ಮೇಲೂ ಮತ್ತೆ ತಪ್ಪಿದರೆ? ಆ ರಾತ್ರಿಯೇ ಒಂದು ಚಿಕ್ಕ ಸಂದೇಶ ಸಾಕು: “ಆಂಟಿ, ಡ್ರಿಲ್ ಇನ್ನೂ ನಡೀತಿದೆ, ಮೇಸ್ತ್ರಿಗೆ ಹೇಳ್ತೀರಾ?” ಒಂದು ದಿನ ಮರೆತದ್ದನ್ನು ಮರೆವೆಂದೇ ತಿಳಿ. ದಿನವೂ ನಡೆದರೆ, “ನಿಮಗೊಬ್ಬರಿಗೇ ತೊಂದರೆ” ಎಂಬ ಉತ್ತರ ಬಂದರೆ, ತಾರೀಖು ಗಂಟೆ ಬರೆದಿಟ್ಟುಕೊಂಡು ಸಂಘದ ಕಾರ್ಯದರ್ಶಿಯನ್ನು ಕಂಡು, ಅವರೇ ಖಾಸಗಿಯಾಗಿ ಮಾತಾಡಲಿ ಎನ್ನು. 112ಕ್ಕೆ ಕರೆಮಾಡುವ ಹಕ್ಕು ನಿನಗಿದೆ. ಆದರೆ ಪೊಲೀಸರು ಬಂದುಹೋದ ಮನೆಗೆ ಮತ್ತೆ ಹೆಪ್ಪು ಕೇಳಲು ಹೋಗುವುದು ಕಷ್ಟ. ಉಳಿದ ದಾರಿಗಳೆಲ್ಲ ಮುಚ್ಚಿದ ಮೇಲೆ ಅದನ್ನು ಮಾಡು.

ನಾಳೆ ಸಂಜೆ ಹೋಗುವಾಗ ಪಾಪುವನ್ನೂ ಎತ್ತಿಕೊಂಡು ಹೋಗು. ಏನೆಂದರು ಎಂದು ನನಗೆ ಫೋನ್ ಮಾಡು.

ಇಂತಿ ನಿನ್ನ
ದೊಡ್ಡಮ್ಮ