ಕಂದು ಬಣ್ಣದ ಹ್ಯಾರಿಯರ್: ಒಂದೇ ಚಿತ್ರದಲ್ಲಿ ಏನೇನು ಓದಬಹುದು

ವಾಡಿ, ಚಿತ್ತಾಪುರ, ಸೇಡಂ ಕಡೆಯ ತೊಗರಿ ಹೊಲಗಳ ಮೇಲೆ ಚಳಿಗಾಲದಲ್ಲಿ ಹ್ಯಾರಿಯರ್‌ಗಳು ತೀರಾ ಕೆಳಗೆ ಹಾರುತ್ತವೆ. ಮಧ್ಯ ಏಷ್ಯಾದ ಹುಲ್ಲುಬಯಲುಗಳಿಂದ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಂದು, ಮಿಡತೆ, ಇಲಿ, ಸಣ್ಣ ಹಕ್ಕಿಗಳನ್ನು ತಿಂದುಕೊಂಡಿದ್ದು, ಮಾರ್ಚ್–ಏಪ್ರಿಲ್‌ನಲ್ಲಿ ಮರಳುವ ಹಕ್ಕಿಗಳಿವು. ನಮ್ಮ ರೈತರಿಗೆ ಇವೆಲ್ಲವೂ ಗಿಡಗಗಳೇ. ಕ್ಯಾಮೆರಾ ಹಿಡಿದವರಿಗೆ ಇವುಗಳಲ್ಲಿ ಬೂದು ಬಣ್ಣದ ವಯಸ್ಕ ಗಂಡು ತೊಡಕಲ್ಲ: ರೆಕ್ಕೆಯ ಮೇಲ್ಭಾಗದಲ್ಲಿ ಅಡ್ಡಲಾಗಿ ಒಂದು ಕಪ್ಪು ಪಟ್ಟಿಯಿದ್ದರೆ ಮೊಂಟಾಗು, ಪಟ್ಟಿಯಿಲ್ಲದೆ ರೆಕ್ಕೆಯ ತುದಿಯಲ್ಲಿ ಸಣ್ಣ ಕಪ್ಪು ಬೆಣೆ ಮಾತ್ರ ಕಂಡರೆ ಪ್ಯಾಲಿಡ್. ಕಷ್ಟವೆಲ್ಲ ಕಂದು ಹಕ್ಕಿಯದು. ಎರಡೂ ಜಾತಿಯ ಹೆಣ್ಣುಗಳೂ ಎಳೆಯ ಹಕ್ಕಿಗಳೂ ಕಂದು, ಎಲ್ಲಕ್ಕೂ ಬಾಲದ ಬುಡದಲ್ಲಿ ಬಿಳಿ ಪಟ್ಟಿ.

ವರ್ಷಗಟ್ಟಲೆ ಇಂಥ ಚಿತ್ರಗಳನ್ನು ನೋಡುತ್ತ ನಾನು ಕಲಿತದ್ದು ಮುಖ್ಯವಾಗಿ ಒಂದು ಕ್ರಮ. ಮೊದಲು ವಯಸ್ಸು, ಆಮೇಲೆ ಲಿಂಗ, ಜಾತಿ ಕೊನೆಗೆ. ಜಾತಿಯನ್ನೇ ಮೊದಲು ಹುಡುಕಹೊರಟರೆ ಗುರುತುಗಳು ದಾರಿ ತಪ್ಪಿಸುತ್ತವೆ, ಏಕೆಂದರೆ ಒಂದೇ ಗುರುತು ಮರಿಯಲ್ಲಿ ಹೇಳುವುದು ಒಂದು, ವಯಸ್ಕ ಹಕ್ಕಿಯಲ್ಲಿ ಹೇಳುವುದು ಇನ್ನೊಂದು. ರೆಕ್ಕೆಯಡಿಯ ಒಳಗರಿಗಳು ಕಪ್ಪಾಗಿದ್ದರೆ ವಯಸ್ಕ ಹೆಣ್ಣಿನಲ್ಲಿ ಅದು ಪ್ಯಾಲಿಡ್‌ನ ಸುಳಿವು. ಮರಿಯಾದರೆ ಎರಡೂ ಜಾತಿಯಲ್ಲಿ ಆ ಗರಿಗಳು ಕಪ್ಪಾಗಿಯೇ ಇರುತ್ತವೆ.

ಒಂದು ಚಿತ್ರವನ್ನು ಹಾಗೆ ಓದೋಣ. ಡಿಸೆಂಬರ್‌ನ ಬೆಳಿಗ್ಗೆ, ವಾಡಿಯಿಂದ ಚಿತ್ತಾಪುರದ ದಾರಿಯಲ್ಲಿ ತೊಗರಿ ಹೊಲದ ಅಂಚಿನಲ್ಲಿ ತೆಗೆದದ್ದು. ಹಕ್ಕಿ ಓರೆಯಾಗಿ ತಿರುಗುತ್ತಿದೆ. ಮುಖ, ಹೊಟ್ಟೆ, ರೆಕ್ಕೆಯ ಅಡಿಭಾಗ ಮೂರೂ ಕಾಣುತ್ತವೆ.

ವಯಸ್ಸಿಗೆ ಹೊಟ್ಟೆ ನೋಡಬೇಕು. ವಯಸ್ಕ ಹೆಣ್ಣಿನ ಹೊಟ್ಟೆ ಮಾಸಲು ಬಿಳಿ, ಅದರ ಮೇಲೆ ಉದ್ದುದ್ದ ಗೀರುಗಳು. ಈ ಹಕ್ಕಿಯ ಹೊಟ್ಟೆ ಗೀರಿಲ್ಲದ ತುಕ್ಕುಗೆಂಪು. ಸೂರ್ಯೋದಯದ ಬೆಳಕು ಮಾಸಲು ಬಿಳಿಯನ್ನೂ ಕೆಂಪಾಗಿ ತೋರಿಸುತ್ತದೆ; ಕಲ್ಲುಗಣಿಗಳ ಬಳಿ ಬಿಳಿಚಿದ ನೆಲದಿಂದ ಮೇಲಕ್ಕೆ ಚಿಮ್ಮುವ ಬೆಳಕು ಹೊಟ್ಟೆಯ ಬಣ್ಣವನ್ನು ತಿಳಿಯಾಗಿಸುತ್ತದೆ. ಆದ್ದರಿಂದ ಬಣ್ಣಕ್ಕಿಂತ ಗೀರು ಇದೆಯೋ ಇಲ್ಲವೋ ಎಂಬುದನ್ನೇ ನಾನು ಹೆಚ್ಚು ನಂಬುತ್ತೇನೆ. ಜೊತೆಗೆ ಈ ಹಕ್ಕಿಯ ರೆಕ್ಕೆಗರಿಗಳೆಲ್ಲ ಒಂದೇ ವಯಸ್ಸಿನವು. ಹಳತು ಹೊಸತು ಬೆರೆತಿಲ್ಲ. ಇದು ಅದೇ ವರ್ಷ ಹುಟ್ಟಿದ ಮರಿ.

ಲಿಂಗಕ್ಕೆ ಕಣ್ಣು. ಕಂದು ಎಂದರೆ ಹೆಣ್ಣು ಎಂದು ಬರೆಯುವುದು ರೂಢಿ, ಆದರೆ ಮೊದಲ ಚಳಿಗಾಲದಲ್ಲಿ ಗಂಡುಮರಿಯೂ ಕಂದೇ. ಹೆಣ್ಣುಮರಿಯ ಕಣ್ಣು ಗಾಢ ಕಂದು. ಗಂಡುಮರಿಯದು ಬೂದುಛಾಯೆಯದು, ಬೇಗ ಹಳದಿಗೆ ತಿರುಗುತ್ತದೆ. ಚಿತ್ರವನ್ನು ಹಿಗ್ಗಿಸಿದಾಗ ಕರಿ ಪಾಪೆಯ ಸುತ್ತ ತಿಳಿಬೂದು ಉಂಗುರ ಸ್ಪಷ್ಟವಾಗಿದೆ. ಹಾಗಾಗಿ ಗಂಡು. ಇದರಲ್ಲಿ ಒಂದು ಎಚ್ಚರ ಬೇಕು: ಹುಬ್ಬಿನ ನೆರಳು ಯಾವ ಕಣ್ಣನ್ನಾದರೂ ಕಪ್ಪಾಗಿಸಬಹುದು. ಮರಿಯಲ್ಲಿ ತಿಳಿಗಣ್ಣು ಗಂಡಿಗೆ ಸಾಕ್ಷಿಯಾದೀತು. ನೆರಳಿನಲ್ಲಿರುವ ಕಪ್ಪುಗಣ್ಣು ಹೆಣ್ಣಿಗೆ ಸಾಕ್ಷಿಯಾಗದು. ಜನವರಿಯ ನಂತರದ ಚಿತ್ರವಾದರೆ ಎದೆ, ಬೆನ್ನು, ನಡುಬಾಲದಲ್ಲಿ ಹೊಸ ಬೂದುಗರಿ ಮೂಡಿದೆಯೇ ಎಂದೂ ನೋಡುತ್ತೇನೆ. ಮೂಡಿದ್ದರೆ ಗಂಡೆಂಬುದರಲ್ಲಿ ಅನುಮಾನವಿಲ್ಲ.

ಇನ್ನು ಜಾತಿ. ಮರಿಯೆಂದು ಗೊತ್ತಾದ ಮೇಲೆ ನೋಡಬೇಕಾದ ಜಾಗ ಎರಡೇ. ಒಂದು ಕುತ್ತಿಗೆ: ಪ್ಯಾಲಿಡ್ ಮರಿಗೆ ಕೆನ್ನೆಯ ಕಪ್ಪು ಮಚ್ಚೆಯ ಹಿಂದೆ ತಿಳಿಬಣ್ಣದ ಕೊರಳಪಟ್ಟಿ, ಅದರ ಹಿಂದೆ ಗಾಢ ಕಂದು ಕುತ್ತಿಗೆ. ಮೊಂಟಾಗು ಮರಿಯಲ್ಲಿ ಈ ಪಟ್ಟಿ ಇಲ್ಲ, ಇದ್ದರೂ ಮಸುಕು. ಇನ್ನೊಂದು ರೆಕ್ಕೆಯ ತುದಿಯ ಅಡಿಭಾಗ: ಮೊಂಟಾಗುವಿನ ಬೆರಳಿನಂಥ ತುದಿಗರಿಗಳು ಸಾಮಾನ್ಯವಾಗಿ ಕಪ್ಪು; ಪ್ಯಾಲಿಡ್‌ನಲ್ಲಿ ಅವು ತಿಳಿಯಾಗಿದ್ದು, ಅಡ್ಡಪಟ್ಟೆಗಳಷ್ಟೇ ಕಾಣುತ್ತವೆ. ನಮ್ಮ ಚಿತ್ರದಲ್ಲಿ ಕೊರಳಪಟ್ಟಿ ಸ್ಪಷ್ಟ, ತುದಿ ತಿಳಿ. ಎರಡೂ ಒಂದೇ ಕಡೆ ಬೆರಳು ತೋರಿಸುತ್ತವೆ. ಪ್ಯಾಲಿಡ್ ಹ್ಯಾರಿಯರ್, ಮೊದಲ ಚಳಿಗಾಲದ ಗಂಡು.

ಎರಡು ಗುರುತುಗಳು ಒಂದಕ್ಕೊಂದು ಒಪ್ಪದಿದ್ದರೆ, ಅಥವಾ ಹಕ್ಕಿ ಬೆನ್ನು ಹಾಕಿ ಹೋಗುವಾಗಿನ ಚಿತ್ರವಷ್ಟೇ ಇದ್ದರೆ, ನಾನು ಜಾತಿಯ ಹೆಸರು ಬರೆಯುವುದಿಲ್ಲ. ಮೊಂಟಾಗು ಅಥವಾ ಪ್ಯಾಲಿಡ್ ಎಂದಷ್ಟೇ ದಾಖಲಿಸಿ, ವಯಸ್ಸು ತಿಳಿದಿದ್ದರೆ ಅದನ್ನು ಸೇರಿಸುತ್ತೇನೆ. ಬಾಲದ ಬುಡದ ಬಿಳಿ ಎಷ್ಟೇ ಚೆನ್ನಾಗಿ ಬಂದಿದ್ದರೂ ಅದು ಇವೆರಡನ್ನು ಬೇರ್ಪಡಿಸದು. ಆದ್ದರಿಂದಲೇ ಹೊಲದಂಚಿನಲ್ಲಿ ನಿಂತಾಗ ಹಕ್ಕಿ ನನ್ನತ್ತ ತಿರುಗುವವರೆಗೆ ಕಾಯುತ್ತೇನೆ, ಮುಖ ಮತ್ತು ರೆಕ್ಕೆಯ ಅಡಿಭಾಗ ಒಟ್ಟಿಗೆ ಕಂಡ ಕ್ಷಣಕ್ಕೆ ಗುಂಡಿ ಒತ್ತುತ್ತೇನೆ.