ಮಾರ್ಚ್ 31ಕ್ಕೆ ಮುಗಿಯುವ ಒಪ್ಪಂದ, ಜನವರಿಯಲ್ಲಿ ಬರೆಯಬೇಕಾದ ಮೇಲ್

ಪ್ರಶ್ನೆ: ಹುಬ್ಬಳ್ಳಿಯ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಗ್ರಾಹಕರನ್ನು ನೋಡಿಕೊಳ್ಳುವ ಕೆಲಸ ನನ್ನದು. ಔಷಧದ ಸಗಟು ವ್ಯಾಪಾರಿಗಳಿಗೆ ಸ್ಟಾಕ್ ಮತ್ತು ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುತ್ತೇವೆ. ದಾವಣಗೆರೆಯ ನಮ್ಮ ದೊಡ್ಡ ಗ್ರಾಹಕರ ಒಂದು ವರ್ಷದ ಒಪ್ಪಂದ ಮಾರ್ಚ್ 31ಕ್ಕೆ ಮುಗಿಯುತ್ತದೆ. 12 ಲಾಗಿನ್, ವರ್ಷಕ್ಕೆ 1,80,000 ರೂಪಾಯಿ, ಜಿಎಸ್‌ಟಿ ಬೇರೆ. ಮೂರು ಲಾಗಿನ್‌ಗಳನ್ನು ಅವರು ಸೆಪ್ಟೆಂಬರ್‌ನಿಂದ ತೆರೆದೇ ಇಲ್ಲ. ನವೆಂಬರ್‌ನಲ್ಲಿ ಅರ್ಧ ದಿನ ಸರ್ವರ್ ಕೈಕೊಟ್ಟಿತ್ತು. ಶೇ 20 ರಿಯಾಯಿತಿಯನ್ನು ಮೊದಲೇ ಹೇಳಿಬಿಡು ಅನ್ನುತ್ತಾರೆ ನಮ್ಮ ಸಾಹೇಬರು. ಮೇಲ್ ಬರೆಯಲು ಕೂತರೆ ಪ್ರತಿ ಸಲವೂ ಬೇಡಿಕೊಂಡ ಹಾಗೆ ಆಗುತ್ತದೆ. ಕರಡು ಜೊತೆಗಿದೆ.
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ನಿಮ್ಮ ಕರಡನ್ನು ಎರಡು ಸಲ ಓದಿದೆ. ಒಂಬತ್ತು ವಾಕ್ಯಗಳಲ್ಲಿ ಏಳು ನಿಮ್ಮ ಕಂಪನಿಯ ಬಗ್ಗೆ ಇವೆ, ಅವರ ಗೋದಾಮಿನ ಬಗ್ಗೆ ಒಂದೂ ಇಲ್ಲ. ಬೇಡಿಕೊಂಡ ಹಾಗೆ ಕೇಳಿಸುವುದು ಅದಕ್ಕೇ. "ದಯವಿಟ್ಟು" ಎಂಬ ಮಾತನ್ನು ಅಳಿಸಿದರೆ ಆ ಧ್ವನಿ ಹೋಗುವುದಿಲ್ಲ.

ನಾನು ಕೆಲವು ವರ್ಷ ಖರೀದಿ ವಿಭಾಗದಲ್ಲಿದ್ದೆ. ಇಂಥ ಮೇಲ್‌ಗಳು ನನ್ನ ಮೇಜಿಗೆ ಬರುತ್ತಿದ್ದವು, ಸಹಿ ಹಾಕುವವರು ಮಾತ್ರ ಮಾಲೀಕರು. ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇದಿಲ್ಲದಿದ್ದರೆ ನಮಗೇನು ನಷ್ಟ?" ಉತ್ತರ ಮೇಲ್‌ನಲ್ಲೇ ಇದ್ದರೆ ಅದನ್ನು ಹಾಗೇ ಅವರಿಗೆ ಕಳಿಸುತ್ತಿದ್ದೆ. ಇಲ್ಲದಿದ್ದರೆ ಅದು ನನ್ನಲ್ಲೇ ಉಳಿಯುತ್ತಿತ್ತು. ನೀವು ಬರೆಯಬೇಕಾದದ್ದು ನಿಮ್ಮ ಮೇಲ್ ಓದುವ ಮ್ಯಾನೇಜರ್ ತಮ್ಮ ಮಾಲೀಕರ ಮುಂದಿಡಬಹುದಾದ ಉತ್ತರವನ್ನು.

ಔಷಧದ ಸಗಟು ವ್ಯಾಪಾರದಲ್ಲಿ ಆ ಉತ್ತರ ಹೆಚ್ಚಾಗಿ ಎಕ್ಸ್‌ಪೈರಿಯಲ್ಲಿ ಸಿಗುತ್ತದೆ. ಅವಧಿ ಮೀರಿದ ಮಾಲನ್ನು ತಯಾರಕ ಕಂಪನಿ ವಾಪಸ್ ತೆಗೆದುಕೊಂಡು ಕ್ರೆಡಿಟ್ ನೋಟ್ ಕೊಡುತ್ತದೆ, ಆದರೆ ತಾನು ಹೇಳಿದ ಗಡುವಿನೊಳಗೆ ಕ್ಲೇಮ್ ಹೋದರೆ ಮಾತ್ರ. ಗಡುವು ಕಂಪನಿಯಿಂದ ಕಂಪನಿಗೆ ಬೇರೆ. ರ‍್ಯಾಕಿನ ಹಿಂದೆ ಉಳಿದ ಎರಡು ಪೆಟ್ಟಿಗೆ ಯಾರ ಕಣ್ಣಿಗೂ ಬೀಳದೆ ಗಡುವು ದಾಟಿದರೆ ಆ ದುಡ್ಡು ವ್ಯಾಪಾರಿಯ ಕೈಯಿಂದಲೇ ಹೋಯಿತು. ನಿಮ್ಮ ಸಾಫ್ಟ್‌ವೇರ್ ಬ್ಯಾಚ್‌ವಾರು ಮುಂಚಿತ ಸೂಚನೆ ಕೊಡುತ್ತದೆ ಎಂದು ಬರೆದಿದ್ದೀರಿ. ಹಾಗಾದರೆ ಕರಡಿನಲ್ಲಿರುವ "4,300 ಬಿಲ್ ಮಾಡಿದ್ದೀರಿ" ಎಂಬ ಅಂಕಿಯನ್ನು ಬಿಡಿ. ಬಿಲ್ಲನ್ನು ಅವರು ಹೇಗಾದರೂ ಮಾಡುತ್ತಿದ್ದರು. ತಡವಾಯಿತೆಂದು ತಿರಸ್ಕಾರವಾದ ಕ್ಲೇಮ್‌ಗಳ ಮೊತ್ತ ಎಷ್ಟಿತ್ತು, ಈಗೆಷ್ಟು ಎಂದು ನೋಡಿ.

ಈ ಲೆಕ್ಕದಲ್ಲಿ ಎಡವುವುದು ಸುಲಭ. ನಿಮ್ಮ ಬಳಿ ಈ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಒಂಬತ್ತು ತಿಂಗಳ ಮಾಹಿತಿ ಮಾತ್ರ ಇದೆ. ಅದನ್ನು ಹಿಂದಿನ ಇಡೀ ವರ್ಷದ ಜೊತೆ ಹೋಲಿಸಿದರೆ ಉಳಿತಾಯ ಉಬ್ಬಿ ಕಾಣುತ್ತದೆ, ಅವರ ಅಕೌಂಟೆಂಟ್ ಒಂದೇ ನೋಟಕ್ಕೆ ಅದನ್ನು ಹಿಡಿಯುತ್ತಾರೆ. ಹಿಂದಿನ ವರ್ಷದ ಅದೇ ಒಂಬತ್ತು ತಿಂಗಳನ್ನು ತೆಗೆದುಕೊಳ್ಳಿ. ಅದು ಅವರ ರಿಜಿಸ್ಟರಿನಲ್ಲಿದೆ, ನಿಮ್ಮಲ್ಲಿಲ್ಲ. ಆದ್ದರಿಂದ ಮೇಲ್‌ಗೂ ಮೊದಲು ಅಕೌಂಟೆಂಟ್‌ಗೆ ಫೋನ್ ಮಾಡಿ ಆ ಅಂಕಿ ಕೇಳಿ, ನಿಮ್ಮದನ್ನೂ ಅವರಿಗೆ ಓದಿ ಹೇಳಿ. ಅವರು ಒಪ್ಪಿದ ಅಂಕಿ ಮೇಲ್‌ನಲ್ಲಿದ್ದರೆ ಅದು ಅವರದೇ ಅಂಕಿ. ಆಗಿನದು 2,85,000, ಈಗಿನದು 47,000 ಎಂದು ಬಂತು ಅಂದುಕೊಳ್ಳಿ. ವ್ಯತ್ಯಾಸ 2,38,000. ಈ ವರ್ಷ ಅವರು ಗೋದಾಮಿಗೆ ಹೊಸಬರನ್ನು ಸೇರಿಸಿಕೊಂಡಿದ್ದರೆ ಅದನ್ನೂ ಬರೆಯಿರಿ. ಎಲ್ಲ ಶ್ರೇಯಸ್ಸನ್ನೂ ಬಾಚಿಕೊಳ್ಳುವ ಮೇಲನ್ನು ಯಾರೂ ನಂಬುವುದಿಲ್ಲ.

ಸಾಹೇಬರ ರಿಯಾಯಿತಿಯ ಮಾತಿಗೆ ಬರೋಣ. ಶೇ 20 ಬಿಟ್ಟರೆ 1,44,000 ಆಗುತ್ತದೆ, ಅಂದರೆ ಲಾಗಿನ್ ಒಂದಕ್ಕೆ 15,000 ಇದ್ದದ್ದು 12,000. ಮುಂದಿನ ವರ್ಷ ಮಾತು ಶುರುವಾಗುವುದೇ ಆ 12,000ದಿಂದ. ಯಾರೂ ಕೇಳದೆ ಬೆಲೆ ಇಳಿಸಿದರೆ ಮೊದಲಿನ ಬೆಲೆಯ ಮೇಲೆ ನಿಮಗೇ ನಂಬಿಕೆ ಇರಲಿಲ್ಲ ಎಂದಾಗುತ್ತದೆ. ಅದರ ಬದಲು ಬಳಸದ ಮೂರು ಲಾಗಿನ್‌ಗಳ ಸಂಗತಿಯನ್ನು ನೀವೇ ಎತ್ತಿ. ಒಂಬತ್ತಕ್ಕೆ 1,35,000. ರಿಯಾಯಿತಿಗಿಂತ 9,000 ಕಡಿಮೆಯೇ ಬಂತು ಎಂದು ಸಾಹೇಬರು ಹೇಳಬಹುದು. ನಿಜ, ಆದರೆ ದರ ಉಳಿಯಿತು. ನಾಳೆ ಗ್ರಾಹಕರು ಹರಿಹರದಲ್ಲಿ ಶಾಖೆ ತೆರೆದರೆ ಆ ಮೂರೂ 15,000ಕ್ಕೇ ಮರಳುತ್ತವೆ. ಬಳಸದ್ದಕ್ಕೆ ದುಡ್ಡು ಕೊಟ್ಟೆವೆಂದು ಅವರೇ ಮಾರ್ಚ್‌ನಲ್ಲಿ ಕಂಡುಕೊಂಡರೆ ಒಪ್ಪಂದವೇ ಅಲುಗಾಡುತ್ತದೆ.

ನವೆಂಬರ್‌ನದ್ದನ್ನು ಎರಡೇ ವಾಕ್ಯದಲ್ಲಿ ಹೇಳಿ: ಏನಾಯಿತು, ಆಮೇಲೆ ಏನು ಬದಲಾಯಿಸಿದಿರಿ. ಅಂದು ಕೈಬರಹದಲ್ಲಿ ಬಿಲ್ ಬರೆದವರು ಅದನ್ನು ಮರೆತಿಲ್ಲ. ಏನೂ ಬದಲಾಯಿಸಿಲ್ಲವಾದರೆ ಮೊದಲು ಆ ಕೆಲಸ ಮುಗಿಸಿ, ಮೇಲ್ ಒಂದು ವಾರ ತಡವಾದರೂ ಚಿಂತೆಯಿಲ್ಲ.

ಹೀಗೆ ಬರೆಯಬಹುದು:

> ವಿಷಯ: ಮಾರ್ಚ್ 31ರ ನವೀಕರಣ – ಒಂಬತ್ತು ತಿಂಗಳ ಎಕ್ಸ್‌ಪೈರಿ ಲೆಕ್ಕ, ಮುಂದಿನ ವರ್ಷದ ದರ
>
> ನಮಸ್ಕಾರ ಸರ್,
>
> ತಡವಾದ್ದರಿಂದ ತಿರಸ್ಕಾರವಾದ ಎಕ್ಸ್‌ಪೈರಿ ಕ್ಲೇಮ್‌ಗಳು ಹಿಂದಿನ ವರ್ಷದ ಏಪ್ರಿಲ್–ಡಿಸೆಂಬರ್‌ನಲ್ಲಿ 2,85,000 ರೂ. ಇದ್ದವು, ಈ ವರ್ಷ ಅದೇ ಅವಧಿಯಲ್ಲಿ 47,000 ರೂ. ಎರಡೂ ಅಂಕಿಗಳನ್ನು ನಿಮ್ಮ ಅಕೌಂಟ್ಸ್ ವಿಭಾಗ ನೋಡಿದೆ. ಗೋದಾಮಿಗೆ ನೀವು ಹೊಸದಾಗಿ ನೇಮಿಸಿದವರ ಪಾಲೂ ಇದರಲ್ಲಿದೆ. ಬ್ಯಾಚ್‌ವಾರು ಪಟ್ಟಿ ಲಗತ್ತಿಸಿದ್ದೇನೆ.
>
> ನವೆಂಬರ್‌ನಲ್ಲಿ ಅರ್ಧ ದಿನ ಸರ್ವರ್ ನಿಂತು ನಿಮಗೆ ತೊಂದರೆಯಾಯಿತು. ಈಗ ಎರಡನೇ ಸರ್ವರ್ ಹಾಕಿದ್ದೇವೆ, ಡಿಸೆಂಬರ್‌ನಲ್ಲಿ ಪರೀಕ್ಷಿಸಿದ್ದೇವೆ.
>
> 12 ಲಾಗಿನ್‌ಗಳಲ್ಲಿ ಮೂರು ಸೆಪ್ಟೆಂಬರ್‌ನಿಂದ ಬಳಕೆಯಲ್ಲಿಲ್ಲ. ಒಂಬತ್ತಕ್ಕೆ 1,35,000 ರೂ., ಹನ್ನೆರಡಕ್ಕೆ ಈಗಿನಂತೆ 1,80,000 ರೂ. (ಜಿಎಸ್‌ಟಿ ಪ್ರತ್ಯೇಕ). ಯಾವುದು ಸರಿಹೋಗುತ್ತದೆ ಎಂದು ಜನವರಿ 31ರೊಳಗೆ ತಿಳಿಸಿದರೆ ಫೆಬ್ರವರಿಯಲ್ಲೇ ಕಾಗದಪತ್ರ ಮುಗಿಸಬಹುದು.

ಇಲ್ಲಿ ಕೇಳಿರುವುದು ಒಂದೇ ಪ್ರಶ್ನೆ, ಒಂಬತ್ತೋ ಹನ್ನೆರಡೋ. ದಿನಾಂಕಕ್ಕೆ ಕಾರಣವೂ ಇದೆ: ಮಾರ್ಚ್‌ನಲ್ಲಿ ಅವರದು ವರ್ಷಾಂತ್ಯದ ಸ್ಟಾಕ್ ಎಣಿಕೆ, ಆಗ ನಿಮ್ಮ ಮೇಲ್ ಓದಲು ಪುರುಸೊತ್ತಿರುವುದಿಲ್ಲ. ಕಳಿಸುವ ಮೊದಲು ಒಪ್ಪಂದದ ಪ್ರತಿ ತೆಗೆದು ನೋಟಿಸ್ ಅವಧಿಯ ಷರತ್ತನ್ನು ಓದಿ. ತಾನಾಗಿಯೇ ನವೀಕರಣವಾಗುವ ಷರತ್ತು ಇದ್ದರೂ ಸುಮ್ಮನೆ ಕೂತು ಏಪ್ರಿಲ್‌ನಲ್ಲಿ ಬಿಲ್ ಕಳಿಸಬೇಡಿ.

ಹತ್ತು ದಿನ ಉತ್ತರ ಬಾರದಿದ್ದರೆ "ನನ್ನ ಹಿಂದಿನ ಮೇಲ್ ನೋಡಿದಿರಾ" ಎಂದು ಬರೆಯಬೇಡಿ. ಜನವರಿ ಮುಗಿದ ಮೇಲೆ ಹತ್ತು ತಿಂಗಳ ಲೆಕ್ಕ ಸಿದ್ಧವಾಗಿರುತ್ತದೆ, ಅದನ್ನು ಎರಡು ಸಾಲಿನಲ್ಲಿ ಕಳಿಸಿ. ಆಮೇಲೂ ಮೌನವಾದರೆ ಫೋನ್, ಸಾಧ್ಯವಾದರೆ ದಾವಣಗೆರೆಗೇ ಹೋಗಿಬನ್ನಿ.

"ನಮ್ಮ ಡೇಟಾ ಯಾವ ರೂಪದಲ್ಲಿ ಕೊಡುತ್ತೀರಿ?" ಎಂದು ಅವರು ಕೇಳಿದರೆ ಬೇರೊಬ್ಬರ ಜೊತೆ ಮಾತು ನಡೆದಿರುವ ಸಾಧ್ಯತೆ ಇದೆ. ಆಗ ರಿಯಾಯಿತಿ ಹಿಡಿದು ಓಡಬೇಡಿ. ಬ್ಯಾಚ್, ಎಕ್ಸ್‌ಪೈರಿ, ಬಾಕಿ ಕ್ಲೇಮ್ ಎಲ್ಲ ಸೇರಿದ ಎಕ್ಸೆಲ್ ಫೈಲ್ ಎಷ್ಟು ದಿನದಲ್ಲಿ ಸಿಗುತ್ತದೆ ಎಂದು ಅಂದೇ ತಿಳಿಸಿ, ಯಾವ ಕೆಲಸ ನಮ್ಮಿಂದ ಆಗಲಿಲ್ಲ ಎಂದು ಮ್ಯಾನೇಜರ್ ಬಳಿ ನೇರವಾಗಿ ಕೇಳಿ. ಅವರು ಹೇಳುವುದು ಬೆಲೆಯ ಸಂಗತಿಯಾದರೆ ಒಂಬತ್ತು ಲಾಗಿನ್‌ನ ಲೆಕ್ಕ ಅವರ ಮುಂದೆ ಈಗಾಗಲೇ ಇದೆ. ಬೇರೇನಾದರೂ ಆದರೆ ಅದನ್ನು ಸರಿಪಡಿಸಲು ನಿಮಗೆ ಇನ್ನೂ ಫೆಬ್ರವರಿ ತಿಂಗಳಿದೆ.